ಗ್ರಾಫ್ ಹಾಳೆಯ ಕರೀಮುನ್ನೀಸಾ

ಯಾವ ಆಸ್ಪತ್ರೆ ಅಂತ ಮಾತ್ರ ಕೇಳಬೇಡಿ. ಶಿಡ್ಲಘಟ್ಟದ ಸೀಮೆಯದು, ತೊಂಬತ್ತರ ದಶಕದ ನಡುವಿನ ಮಾತು. ನಾನು ಅಲ್ಲಿ ಔಷಧಿ ಕಿಟಕಿಯಲ್ಲಿ ಕೂರುತ್ತಿದ್ದೆ, ಹೆರಿಗೆ ವಾರ್ಡಿನ ಬಾಗಿಲು ನನ್ನ ಎದುರಿಗೇ.

ಕರೀಮುನ್ನೀಸಾ ಅಲ್ಲಿ ಸ್ಟಾಫ್ ನರ್ಸ್. ಚಿಂತಾಮಣಿಯವಳು. ಗಂಡ ಬಿಟ್ಟಿದ್ದ. ಮಗಳು ಕಂಡವರ ಹೆರಿಗೆ ಮಾಡಿಸುತ್ತಾಳೆಂದು ತವರಿನವರೂ ಮುಖ ತಿರುಗಿಸಿದ್ದರು. ಅದೇ ಮನೆಯ ಹೆಂಗಸರು ಹೆರುವಾಗ ಯಾರ ಕೈ ಬೇಕಿತ್ತೋ, ದೇವರೇ ಬಲ್ಲ! ಅವಳಿಗೆ ಈ ಲೋಕದಲ್ಲಿದ್ದವಳು ಒಬ್ಬಳೇ, ಪಕ್ಕದ ಕ್ವಾರ್ಟರ್ಸಿನ ಹಿರಿಯ ನರ್ಸ್ ಅನಸೂಯಮ್ಮ. ಇಬ್ಬರದೂ ಒಂದೇ ಒಲೆ. ಇವಳು ಮುದ್ದೆ ತಿರುವಿದರೆ ಅವಳು ಬಸ್ಸಾರು ಮಾಡುತ್ತಿದ್ದಳು.

ಒಂದು ದಿನ ಸಾದಲಿ ಕಡೆಯಿಂದ ವೆಂಕಟರತ್ನಮ್ಮ ಎಂಬಾಕೆ ಹೆರಿಗೆಗೆ ಬಂದಳು. ಹಿಂದಿನ ಮಗು ಹೊಟ್ಟೆಯಲ್ಲೇ ಹೋಗಿತ್ತು. ಬೆಳಗಿನ ಪಾಳಿ ಅನಸೂಯಮ್ಮನದು. ಮಧ್ಯಾಹ್ನ ಎರಡಕ್ಕೆ ಕರೀಮುನ್ನೀಸಾ ಬಂದು ಪರೀಕ್ಷಿಸಿದಾಗ ಗರ್ಭದ ಬಾಯಿ ಆರು ಸೆಂಟಿಮೀಟರ್ ತೆರೆದಿತ್ತು. ರಿಪೋರ್ಟ್ ಬುಕ್ಕಿನಲ್ಲಿ ಬೆಳಿಗ್ಗೆ ಹತ್ತಕ್ಕೆ ‘3’ ಎಂದಿತ್ತು.

"ಮೂರು ಇದ್ದದ್ದು ಆರಾಗಿದೆ. ಸ್ವಲ್ಪ ನಿಧಾನ, ಅಷ್ಟೆ. ಕಾಯೋಣ ಸಿಸ್ಟರ್" ಅಂದರು ಡಾಕ್ಟರಮ್ಮ. ಹೊರರೋಗಿಗಳ ಸಾಲು ಅವರನ್ನು ಎಳೆಯುತ್ತಿತ್ತು.

ನಮ್ಮಲ್ಲಿ ಬರೆಯುವ ಚಂದವೇ ಹಾಗೆ. ಗರ್ಭದ ಬಾಯಿ ಬುಕ್ಕಿನಲ್ಲಿ, ಬೇನೆಯ ಲೆಕ್ಕ ಜ್ವರದ ಚಾರ್ಟಿನ ಬೆನ್ನಿನ ಮೇಲೆ, ಮಗುವಿನ ಎದೆಬಡಿತ ಯಾವುದೋ ಓಪಿ ಚೀಟಿಯಲ್ಲಿ. ಬೆಂಗಳೂರಿನ ತರಬೇತಿಯಲ್ಲಿ ಕರೀಮುನ್ನೀಸಾ ಪಾರ್ಟೋಗ್ರಾಫ್ ಕಲಿತು ಬಂದಿದ್ದಳು, ಹೆರಿಗೆ ಹೇಗೆ ಸಾಗುತ್ತಿದೆ, ಎಲ್ಲಿಗೆ ಬಂದರೆ ಇನ್ನು ಕಾಯಬಾರದು ಎಂದು ಒಂದೇ ಹಾಳೆಯಲ್ಲಿ ಗೆರೆ ಎಳೆದು ತೋರಿಸುವ ನಕ್ಷೆ ಅದು. ಅಚ್ಚಾದ ಹಾಳೆ ನಮಗೆ ಬರಲೇ ಇಲ್ಲ. ಮಕ್ಕಳ ಗ್ರಾಫ್ ಹಾಳೆ ಕೊಂಡಿಟ್ಟುಕೊಂಡಿದ್ದಳು. ಅದರ ಮೇಲೆ ಗಂಟೆಗಳನ್ನು ಸಾಲಾಗಿ ಬರೆದು, ಚದುರಿದ್ದನ್ನೆಲ್ಲ ಆಯಾ ಗಂಟೆಯ ಮೇಲೆ ಇಳಿಸತೊಡಗಿದಳು.

ಬೇನೆ ಹತ್ತು ನಿಮಿಷಕ್ಕೆ ಮೂರಿದ್ದದ್ದು ನಾಲ್ಕಾಗಿತ್ತು, ಒಂದೊಂದೂ ನಲವತ್ತು ಸೆಕೆಂಡು ಮೀರುತ್ತಿತ್ತು. ಆ ಚೌಕಗಳನ್ನು ಪೂರಾ ಕಪ್ಪು ಮಾಡಿದಳು. ಎದೆಬಡಿತ ನೂರ ನಲವತ್ತನಾಲ್ಕು, ನೂರ ಮೂವತ್ತಾರು. ಈಗ ತಾನೇ ಕಿವಿಯಿಟ್ಟು ಎಣಿಸಿದಳು, ನೂರ ಹದಿನೆಂಟು. ಬೇನೆ ಏರುತ್ತಿದೆ, ಮಗು ದಣಿಯುತ್ತಿದೆ. ಬಾಯಿ ಮಾತ್ರ ಸರಿಯಾಗಿ ತೆರೆಯುತ್ತಿದೆಯೇ? ಮೂರನ್ನು ಗುರುತು ಹಾಕಲು ಹೋದ ಅವಳ ಪೆನ್ನು ನಿಂತಿತು. ಅನಸೂಯಮ್ಮ ಹಳೇ ಕಾಲದವಳು, ಬೆರಳಲ್ಲಿ ಅಳೆಯುವವಳು.

ಊಹೆಯ ಮೇಲೆ ಗುರುತು ಹಾಕಲು ಮನಸ್ಸಾಗಲಿಲ್ಲ. ಆಯಾಳನ್ನು ಹಾಸಿಗೆಯ ಪಕ್ಕ ನಿಲ್ಲಿಸಿ ಕ್ವಾರ್ಟರ್ಸಿಗೆ ಓಡಿದಳು.

"ಅಕ್ಕಾ, ಬೆಳಿಗ್ಗೆ ಮೂರು ಅಂತ ಬರ್ದಿದ್ದೀರಲ್ಲ, ಬೆರಳಾ, ಸೆಂಟಿಮೀಟರಾ?"

ತಟ್ಟೆಯ ಮುಂದಿದ್ದ ಅನಸೂಯಮ್ಮ ತಲೆಯೆತ್ತಿದಳು. ಕೈಯಲ್ಲಿದ್ದ ತುತ್ತನ್ನು ಮತ್ತೆ ತಟ್ಟೆಗೆ ಇಳಿಸಿದಳು.

"ಬೆರಳು ಕಣೇ" ಅಂದಳು.

ಮೂರು ಬೆರಳೆಂದರೆ ಹೆಚ್ಚುಕಮ್ಮಿ ಆರು ಸೆಂಟಿಮೀಟರ್. ಹತ್ತಕ್ಕೂ ಆರು, ಎರಡಕ್ಕೂ ಆರು. ಗಂಟೆಗೆ ಒಂದರಂತಾದರೂ ಮೇಲೇರಬೇಕಿದ್ದ ಗೆರೆ ನಾಲ್ಕು ಗಂಟೆ ಅಡ್ಡ ಮಲಗಿತ್ತು. ಇನ್ನು ಕಾಯುವಂತಿಲ್ಲ ಎನ್ನುವ ಗೆರೆಯನ್ನೇ ಅದರ ತುದಿ ಮುಟ್ಟಿತ್ತು. ‘3 ಬೆರಳು, ಅನಸೂಯಮ್ಮ’ ಎಂದು ಪಕ್ಕದಲ್ಲಿ ಬರೆದು ಡಾಕ್ಟರಮ್ಮನ ಮುಂದಿಟ್ಟಳು. ಅವರು ಹಾಳೆ ನೋಡಿದರು, ಎದ್ದರು, ಜೀಪು ತರಿಸಿದರು. ಚಿಕ್ಕಬಳ್ಳಾಪುರದಲ್ಲಿ ಆಪರೇಷನ್ ಆಯಿತು. ತಾಯಿಯೂ ಉಳಿದಳು, ಮಗುವೂ ಉಳಿಯಿತು.

ಆದರೆ ಹಾಳೆಯೂ ಜೊತೆಗೇ ಹೋಗಿತ್ತಲ್ಲ. ಮೇಲಿನವರ ಕಣ್ಣಿಗೆ ಬಿತ್ತು. ನಾಲ್ಕು ಗಂಟೆ ಸುಮ್ಮನೆ ಕಾದದ್ದು ಯಾಕೆ? ಯಾರದಾದರೂ ತಲೆ ಬೇಕಿತ್ತು, ಹೆಸರು ಬರೆದೇ ಇತ್ತು. ಅನಸೂಯಮ್ಮನಿಗೆ ಮೆಮೋ ಬಂತು, ಆಮೇಲೆ ಗೌರಿಬಿದನೂರಿಗೆ ವರ್ಗವಾಯಿತು. ನಮಗೆಲ್ಲ ಸಿಟ್ಟು ಬಂತು, ಬಾಯಿ ಮಾತ್ರ ಯಾರೂ ಬಿಡಲಿಲ್ಲ. ನಾನೂ ಬಿಡಲಿಲ್ಲ.

ಅಲ್ಲಿಂದ ಅವರ ಮನೆಗಳಲ್ಲಿ ಎರಡು ಒಲೆ ಉರಿದವು. ಅನಸೂಯಮ್ಮ ಹೊರಡುವ ದಿನ ಕರೀಮುನ್ನೀಸಾ ಹೋಗಿ ಬಾಗಿಲಲ್ಲಿ ನಿಂತಳು. ಟ್ರಂಕು ಎತ್ತಿಕೊಡಲು ನಾನೂ ಅಲ್ಲೇ ಇದ್ದೆ.

"ನಾನು ಸುಳ್ಳು ಬರೀಲಿಲ್ಲ ಅಕ್ಕಾ."

"ನೀನು ಸುಳ್ಳು ಬರ್ದೆ ಅಂತ ಯಾರಂದ್ರು?" ಅನಸೂಯಮ್ಮ ಹಾಸಿಗೆ ಸುತ್ತುತ್ತಲೇ ಹೇಳಿದಳು. "ನೀನು ಬಂದು ಕೇಳ್ದಾಗ್ಲೇ ನಂಗೆ ಗೊತ್ತಾಯ್ತು ಕಣೇ, ಬೆರಳು ಅಂದ್ರೆ ನನ್ನ ಕುತ್ತಿಗೆಗೆ ಬರುತ್ತೆ ಅಂತ. ಸೆಂಟಿಮೀಟರು ಅಂದಿದ್ರೆ ನೀನೂ ನಂಬ್ತಿದ್ದೆ, ಡಾಕ್ಟರೂ ನಂಬ್ತಿದ್ರು. ಬೆರಳು ಅಂದೆ. ಗೊತ್ತಿದ್ದೂ ನಿಜ ಹೇಳಿದ್ಳು ಅಂತ ಆ ಹಾಳೆ ಮೇಲೆ ಎಲ್ಲಾದ್ರೂ ಬರ್ದ್ಯಾ?"

ಗೌರಿಬಿದನೂರಿನ ಬಸ್ಸಿಗೆ ಹೊತ್ತಾಗಿತ್ತು, ನಾನು ಟ್ರಂಕು ಎತ್ತಿಕೊಂಡೆ. ತಿರುಗಿ ಬಂದಾಗ ಕರೀಮುನ್ನೀಸಾ ಆ ಖಾಲಿ ಮನೆಯ ಹೊಸ್ತಿಲ ಮೇಲೆ ಕೂತು ಅಳುತ್ತಿದ್ದಳು.