ಉಚ್ಚಂಗಮ್ಮನ ತೂಬಿನ ಕೊಳವೆ

ಮೂವತ್ತೊಂದು ವರ್ಷ ವಿಜ್ಞಾನ ಪಾಠ ಮಾಡಿ ನನಗೆ ದಣಿವಾಗಿದೆ. ಸುಮ್ಮನೆ ಹೇಳುವ ಮಾತಲ್ಲ ಇದು. ಸೀಮೆಸುಣ್ಣ ಹಿಡಿದರೆ ಭುಜ ನೋಯುತ್ತದೆ, ‘ಮಕ್ಕಳೇ’ ಎಂದು ಕರೆಯುವಷ್ಟರಲ್ಲಿ ಗಂಟಲು ಒಣಗುತ್ತದೆ. ಈ ದಣಿವನ್ನೇ ನೆಪ ಮಾಡಿಕೊಂಡು ನಾನು ಒಬ್ಬ ಹೆಂಗಸಿಗೆ ಮಾಡಿದ ಅನ್ಯಾಯವನ್ನು ಬರೆಯಲು ಕುಳಿತಿದ್ದೇನೆ. ನನ್ನ ಹೆಸರು ಕೊಟ್ರೇಶ್, ಆಕೆಯ ಹೆಸರು ಉಚ್ಚಂಗಮ್ಮ.

ತಾಳ್ಯದ ಕಡೆಯ ನಮ್ಮ ಶಾಲೆಯನ್ನು ನಡೆಸುವುದು ಒಂದು ಖಾಸಗಿ ವಿದ್ಯಾಸಂಸ್ಥೆ. ಹೈಸ್ಕೂಲಿಗೂ ಪಿಯುಸಿಗೂ ಸೇರಿ ಒಂದೇ ಲ್ಯಾಬು. ಅದರಲ್ಲಿ ಉಚ್ಚಂಗಮ್ಮ ಹದಿನೇಳು ವರ್ಷ ತಾತ್ಕಾಲಿಕ ಸಹಾಯಕಿ. ಊರು ಮಾರಿಕಣಿವೆಯ ಕೆಳಗಿನ ಒಂದು ಹಳ್ಳಿ. ಅಪ್ಪ ನಾಲೆಯ ನೀರುಗಂಟಿ, ಅಂದರೆ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತೂಬು ತೆಗೆದು ಮುಚ್ಚುವವನು. ಏಳನೇ ತರಗತಿಗೆ ಓದು ಬಿಡಿಸಿ ತಾಳ್ಯಕ್ಕೆ ಮದುವೆ ಮಾಡಿ ಕೊಟ್ಟರು. ಕನ್ನಡ ಸರಾಗವಾಗಿ ಓದುತ್ತಾಳೆ, ಇಂಗ್ಲಿಷ್ ಬಾರದು.

ಸೇರಿದ ಹೊಸದರಲ್ಲಿ ನಾನು “ಬ್ಯುರೆಟ್ ಕೊಡಿ” ಎಂದರೆ ಕಣ್ಣು ಕಣ್ಣು ಬಿಡುತ್ತಿದ್ದಳು. ನನಗೆ ರೇಗುತ್ತಿತ್ತು. ಒಂದು ವಾರ ಕಳೆಯಿತು. ಅಷ್ಟರಲ್ಲಿ ಕಪಾಟಿನ ಸಾಮಾನಿಗೆಲ್ಲ ತಾನೇ ಹೆಸರಿಟ್ಟುಕೊಂಡಿದ್ದಳು. ಕೆಳಗೆ ತಿರುಪು ಇರುವ ಆ ಉದ್ದನೆಯ ಬ್ಯುರೆಟ್ಟು ತೂಬಿನ ಕೊಳವೆ. ಬಾಯಿಂದ ಎಳೆದುಕೊಳ್ಳುವ ಪಿಪೆಟ್ಟು ಹೀರುಗೊಳವೆ. ಬೀಕರಿಗೆ ಕೊಕ್ಕಿನ ಲೋಟ, ಬುಡ ಅಗಲವಾಗಿ ಮೇಲೆ ಕಿರಿದಾಗುವ ಶಂಕುವಿನಾಕಾರದ ಫ್ಲಾಸ್ಕಿಗೆ ಗೋಪುರದ ಬುಡ್ಡಿ. ಬೆಂಕಿ ತಡೆಯುವ ಗಾಜೆಲ್ಲ ಕೆಳಗಿನ ಗೂಡಿಗೆ, ಅಳತೆ ಸಿಲಿಂಡರಿನಂಥ ಬೆಂಕಿಗೆ ಇಡಬಾರದವೆಲ್ಲ ಮೇಲಿನ ಗೂಡಿಗೆ. ಅದು ನಾನು ಹೇಳಿಕೊಟ್ಟದ್ದಲ್ಲ, ಎರಡು ಸಿಲಿಂಡರು ಸಿಡಿದ ಮೇಲೆ ಆಕೆಯೇ ಕಂಡುಕೊಂಡದ್ದು.

ಮಕ್ಕಳು ಆ ಹೆಸರುಗಳನ್ನು ಹಿಡಿದುಕೊಂಡರು. ಬ್ಯುರೆಟ್ ಎನ್ನಲು ತೊದಲುತ್ತಿದ್ದ ಕುರಿಗಾಹಿಗಳ ಮನೆಯ ಹುಡುಗಿಯರು “ತೂಬಿನ ಕೊಳವೆ ತೊಳ್ದೀವಿ ಸಾರ್” ಎಂದು ಗಟ್ಟಿಯಾಗಿ ಹೇಳತೊಡಗಿದರು. ಯಾವ ಆಮ್ಲ ತುಂಬುತ್ತೇವೋ ಅದರಿಂದಲೇ ಒಮ್ಮೆ ಅದನ್ನು ಜಾಲಾಡಿಸಬೇಕು ಎನ್ನುವುದೂ ಅವರಿಗೆ ಅಭ್ಯಾಸವಾಯಿತು. ಪಿಪೆಟ್ಟಿನ ತುದಿಯಲ್ಲಿ ಉಳಿಯುವ ಹನಿಯನ್ನು ಯಾರಾದರೂ ಊದಿದರೆ ಉಚ್ಚಂಗಮ್ಮ ಬೈಯುತ್ತಿದ್ದಳು. “ಲೇ, ಕೊನೇ ಹನಿ ಊದಬ್ಯಾಡ. ಅದನ್ನ ಲೆಕ್ಕದಾಗೆ ಬಿಟ್ಟೇ ಗೆರೆ ಹಾಕಿರ್ತಾರೆ. ಅದು ಕೊಳವೇದು, ನಿಂದಲ್ಲ!”

ಧಾತುಗಳ ಪಾಠಕ್ಕೂ ಆಕೆ ಬಾಗಿಲ ಬಳಿ ನಿಂತು ಕಿವಿಗೊಡುತ್ತಿದ್ದಳು. ಗಂಧಕ ಎಂದ ಕೂಡಲೇ, “ಕುರಿಗೆ ಕಜ್ಜಿ ಆದ್ರೆ ಎಣ್ಣೆಗೆ ಕಲಸಿ ಹಚ್ತೀವಲ್ಲ, ಅದೇ ಕಣ್ರೋ” ಎಂದಳು. ಸೀಸ ಎಂದರೆ ಮೀನಿನ ಬಲೆಯ ಗುಂಡು, ತವರ ಎಂದರೆ ಪಾತ್ರೆಯ ಕಲಾಯಿ. ಸಂಕೇತ ಮಾತ್ರ ಎಲ್ಲ ದೇಶಕ್ಕೂ ಒಂದೇ, ಅದನ್ನು ಮುಟ್ಟುವಂತಿಲ್ಲ ಎಂದು ನಾನು ಮಕ್ಕಳಿಗೆ ಹೇಳುತ್ತಿದ್ದೆ. ಒಂದು ದಿನ ಸೀಮೆಎಣ್ಣೆಯ ಬಾಟಲಿಯಲ್ಲಿ ಮುಳುಗಿದ್ದ ಸೋಡಿಯಂ ತುಂಡನ್ನು ನೋಡಿ ಕೇಳಿದಳು.

“ಇದಕ್ಕೆ ಮನೆ ಹೆಸರು ಇಲ್ವಾ ಮೇಷ್ಟ್ರೇ?”

“ಇಲ್ಲ ಕಣಮ್ಮ. ಇದನ್ನ ನಮ್ಮ ಹಿಂದಿನೋರು ಕಂಡಿರಲಿಲ್ಲ.”

“ಹಂಗಾದ್ರೆ ಬಿಡ್ರಿ, ಬಂದ ಹೆಸರಲ್ಲೇ ಇರ್ಲಿ. ಗೊತ್ತಿಲ್ದೋನಿಗೆ ನಾವ್ಯಾಕೆ ನಾಮಕರಣ ಮಾಡಾಣ.”

ಇಷ್ಟು ಚೆನ್ನಾಗಿ ನನ್ನ ಬಿ.ಎಡ್. ಪ್ರೊಫೆಸರೂ ಹೇಳಿರಲಿಲ್ಲ. ಮನೆಹೆಸರಿದ್ದ ಧಾತುವಿಗೆ ಮನೆಹೆಸರು, ಇಲ್ಲದ್ದಕ್ಕೆ ಬಂದ ಹೆಸರು. ಆ ನಿಯಮವನ್ನೇ ಇಟ್ಟುಕೊಂಡು, ಆಕೆಯ ಗಾಜಿನ ಹೆಸರುಗಳನ್ನೂ ಸೇರಿಸಿ, ನೂರಾ ನಲವತ್ತು ಪದಗಳ ಪಟ್ಟಿ ಮಾಡಿದೆ. ನಮ್ಮ ಸಂಸ್ಥೆಗೆ ಹೊಳಲ್ಕೆರೆ, ಹೊಸದುರ್ಗ, ಹಿರಿಯೂರುಗಳಲ್ಲೂ ಶಾಲೆಗಳಿವೆ. ಎಲ್ಲ ಕಡೆಯ ಕನ್ನಡ ಮಾಧ್ಯಮದ ತರಗತಿಗೆ ಒಂದೇ ಪದಪುಸ್ತಿಕೆ ಬೇಕು ಎಂದು ಚಿತ್ರದುರ್ಗದ ಕಚೇರಿಯಿಂದ ಸುತ್ತೋಲೆ ಬಂದಾಗ ಆ ಪಟ್ಟಿಯನ್ನು ಕಳಿಸಿದೆ. ‘ಸಂಗ್ರಹ: ಕೊಟ್ರೇಶ್, ಸಹಶಿಕ್ಷಕ’ ಎಂದು ಬರೆದೆ. ಉಚ್ಚಂಗಮ್ಮನ ಹೆಸರು ಬರೆಯಲಿಲ್ಲ. ಆಗ ಅದು ತಪ್ಪು ಅಂತಲೂ ಅನ್ನಿಸಲಿಲ್ಲ, ನೋಡಿ. ಶಿಕ್ಷಕರ ದಿನಾಚರಣೆಯಲ್ಲಿ ಶಾಲು ಹೊದಿಸಿದರು, ಹೊದ್ದುಕೊಂಡು ಬಂದೆ.

ಪುಸ್ತಿಕೆ ಅಚ್ಚಾಗಿ ನನ್ನ ಕೈಗೆ ಬಂದದ್ದು ಜನವರಿಯಲ್ಲಿ. ಪದಗಳನ್ನು ಪರಿಶೀಲಿಸಿದ ಸಮಿತಿಯ ಅಧ್ಯಕ್ಷರು ಶಿವಕುಮಾರಪ್ಪ ಎಂಬ ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕರು. ಸಜ್ಜನರು, ಆದರೆ ಪುಸ್ತಕ ಅಂದ ಮೇಲೆ ಗಾಂಭೀರ್ಯ ಇರಬೇಕು ಎನ್ನುವವರು. ಕೊಕ್ಕಿನ ಲೋಟ ಚಂಚುಪಾತ್ರೆ ಆಗಿತ್ತು. ಗೋಪುರದ ಬುಡ್ಡಿ ಶಂಕುಕೂಪಿ, ಹೀರುಗೊಳವೆ ಚೂಷಕ ನಳಿಕೆ, ತೂಬಿನ ಕೊಳವೆ ಬಿಂದುಮಾಪಕ ನಳಿಕೆ. ಅದೇ ಕೊಕ್ಕು, ಅದೇ ಹೀರುವುದು, ಮಡಿ ಉಡಿಸಿ ಕೂರಿಸಿದ್ದರು ಅಷ್ಟೇ. ಸೋಡಿಯಂ ಮಾತ್ರ ಸೋಡಿಯಂ ಆಗಿಯೇ ಉಳಿದಿತ್ತು. ಥೂ, ಇಷ್ಟು ದಿನ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತಲ್ಲ ಎಂದು ಪುಸ್ತಿಕೆಯನ್ನು ಮೇಜಿನ ಖಾನೆಗೆ ಎಸೆದೆ. ಜಗಳ ಆಡುವ ಚೈತನ್ಯ ಇರಲಿಲ್ಲ.

ಫೆಬ್ರವರಿಯಲ್ಲಿ ಲ್ಯಾಬ್ ಸಹಾಯಕರ ಕೆಲಸ ಕಾಯಂ ಮಾಡುತ್ತೇವೆಂದು ಸಂಸ್ಥೆ ತಿಳಿಸಿತು. ಒಂದೇ ಹುದ್ದೆ, ಹೊರಗಿನವರೂ ಅರ್ಜಿ ಹಾಕಬಹುದು. ಚಿತ್ರದುರ್ಗದಿಂದ ತಜ್ಞರಾಗಿ ಬರುವ ಶಿವಕುಮಾರಪ್ಪನವರು ಹೇಳಿದ ಸಾಮಾನನ್ನು ಗುರುತಿಸಿ ಜೋಡಿಸಬೇಕು. ಆಗದಿದ್ದರೆ ಉಚ್ಚಂಗಮ್ಮ ಹೊಸದುರ್ಗದ ಹಾಸ್ಟೆಲಿನ ಅಡುಗೆಮನೆಗೆ ಹೋಗಬೇಕು. ಮುಂಜಾನೆಯ ಬಸ್ಸಿಗೆ ಹೊಳಲ್ಕೆರೆ, ಅಲ್ಲಿಂದ ಇನ್ನೊಂದು ಬಸ್ಸು, ದಿನವಿಡೀ ಅನ್ನದ ಡಬರಿ ತಿಕ್ಕುವುದು.

ಆಕೆ ಬಂದು ಕೇಳಿದಳು. “ಏನೇನು ಕೇಳ್ತಾರೆ ಮೇಷ್ಟ್ರೇ? ನಂಗೊಸಿ ಹೇಳ್ಕೊಡ್ರಿ.”

ಹತ್ತನೇ ತರಗತಿಯ ಉತ್ತರಪತ್ರಿಕೆಗಳ ಕಟ್ಟು ಮುಂದಿತ್ತು. ತಲೆ ಎತ್ತದೆ ಹೇಳಿದೆ, “ನಿಮಗೇನ್ರಿ ಹೇಳ್ಕೊಡೋದು? ಹದಿನೇಳು ವರ್ಷ ತೊಳೆದ ಗಾಜು. ಹೋಗ್ರಿ, ಧೈರ್ಯವಾಗಿರ್ರಿ.”

“ಅಷ್ಟೇ ಅಂತೀರಾ?”

“ಅಷ್ಟೇ.”

ಪುಸ್ತಿಕೆ ನನ್ನ ಮೊಣಕಾಲ ಪಕ್ಕದ ಖಾನೆಯಲ್ಲೇ ಇತ್ತು. ನೆನಪಾಗಲಿಲ್ಲವೇ ಎಂದು ಕೇಳಿದರೆ, ಆಗಿತ್ತು. ತೆಗೆದು ಕೊಟ್ಟರೆ ನಾಲ್ಕು ದಿನ ಕೂತು ಹೇಳಿಕೊಡಬೇಕು, ಹೆಸರೆಲ್ಲ ಯಾಕೆ ಬದಲಾದವು ಎಂದು ವಿವರಿಸಬೇಕು, ಅಲ್ಲಿ ನನ್ನ ಹೆಸರು ಮಾತ್ರ ಯಾಕಿದೆ ಎಂದೂ ಹೇಳಬೇಕು. ಶಿವಕುಮಾರಪ್ಪನವರು ಹೇಗೂ ಸಾಮಾನಿನತ್ತ ಕೈ ತೋರಿಸಿ ಕೇಳುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಪರೀಕ್ಷೆಯ ದಿನ ಲ್ಯಾಬಿನಲ್ಲಿ ಶಿವಕುಮಾರಪ್ಪ, ಸಂಸ್ಥೆಯ ಕಾರ್ಯದರ್ಶಿ ರಾಜಶೇಖರ್, ಒಂದು ಪಕ್ಕಕ್ಕೆ ನಾನು. ಉಚ್ಚಂಗಮ್ಮ ಹೊಸ ಸೀರೆ ಉಟ್ಟಿದ್ದಳು. ಶಿವಕುಮಾರಪ್ಪನವರು ಕೈ ತೋರಿಸಲಿಲ್ಲ, ಪುಸ್ತಿಕೆ ತೆರೆದರು.

“ಅಮ್ಮ, ಒಂದು ಶಂಕುಕೂಪಿ, ಒಂದು ಚಂಚುಪಾತ್ರೆ, ಚೂಷಕ ನಳಿಕೆ, ಬಿಂದುಮಾಪಕ ನಳಿಕೆ ತಂದು ಜೋಡಿಸಿ.”

ಆಕೆ ಕಪಾಟಿನ ಬಾಗಿಲು ತೆರೆದಳು. ಕೆಳಗಿನ ಗೂಡು ನೋಡಿದಳು, ಮೇಲಿನ ಗೂಡು ನೋಡಿದಳು. ಎರಡು ಸಲ ನೋಡಿ ತಿರುಗಿ, ಬಲು ಮರ್ಯಾದೆಯಿಂದ ಹೇಳಿದಳು.

“ಅಂಥವು ನಮ್ ಲ್ಯಾಬಿನಾಗೆ ಇಲ್ಲ ಸ್ವಾಮಿ. ಒಂದೂ ಒಡೆದಿಲ್ಲ, ಕಳೆದಿಲ್ಲ, ಬಂದೇ ಇಲ್ಲ. ತರಿಸ್ಬೇಕು.”

ರಾಜಶೇಖರ್ ನಕ್ಕುಬಿಟ್ಟರು. ಶಿವಕುಮಾರಪ್ಪನವರು ನಗಲಿಲ್ಲ, ನನ್ನ ಕಡೆ ತಿರುಗಿದರು. “ಏನ್ರೀ ಕೊಟ್ರೇಶ್, ಪುಸ್ತಿಕೆ ಇವರಿಗೆ ತಲುಪಿಲ್ವಾ?”

ಉಚ್ಚಂಗಮ್ಮನೂ ನನ್ನನ್ನೇ ನೋಡಿದಳು. ನಾನು ಎದ್ದು ನಿಂತೆ.

“ಸರ್, ಅವರಿಗೆ ಬೇರೆ ಹೆಸರಲ್ಲಿ ಗೊತ್ತು...”

“ಬೇರೆ ಹೆಸರು ಅಂದ್ರೆ?”

ಕೊಕ್ಕಿನ ಲೋಟ ಎನ್ನಬೇಕಿತ್ತು. ಅಂದಿದ್ದರೆ, ಅದು ನೀವೇ ಕಳಿಸಿದ ಪಟ್ಟಿಯಲ್ಲಿತ್ತಲ್ಲ, ನೀವು ಇವರಿಂದ ಕಲಿತಿರೋ ಇವರು ನಿಮ್ಮಿಂದ ಕಲಿತರೋ ಎಂಬ ಪ್ರಶ್ನೆ ಬರುತ್ತಿತ್ತು. ಶಾಲು ಬೀರುವಿನಲ್ಲಿದೆ, ಅದನ್ನು ಹೊದ್ದ ಫೋಟೋ ಮನೆಯ ಗೋಡೆಯ ಮೇಲಿದೆ.

“ಏನಿಲ್ಲ ಸರ್” ಎಂದು ಕುಳಿತೆ.

ಆಮೇಲೆ ಬಂದವನು ಚೇತನ್‌ಕುಮಾರ್, ಬಿ.ಎಸ್ಸಿ. ಮುಗಿಸಿದ ಹಿರಿಯೂರಿನವನು. ಪುಸ್ತಿಕೆಯನ್ನು ಎಲ್ಲಿಂದಲೋ ತರಿಸಿಕೊಂಡು ಬಾಯಿಪಾಠ ಮಾಡಿದ್ದ. ಪಟಪಟನೆ ನಾಲ್ಕನ್ನೂ ತಂದಿಟ್ಟ. ತೋರಿಸುವ ಹುಮ್ಮಸ್ಸಿನಲ್ಲಿ ಪಿಪೆಟ್ಟಿನ ಕೊನೆಯ ಹನಿಯನ್ನು ಉಫ್ ಎಂದು ಊದಿದ. ಬಾಗಿಲ ಹೊರಗೆ ನಿಂತಿದ್ದ ಉಚ್ಚಂಗಮ್ಮ “ಅಯ್ಯಯ್ಯೋ” ಎಂದದ್ದು ನನಗೆ ಮಾತ್ರ ಕೇಳಿಸಿತು. ಕೆಲಸ ಅವನಿಗಾಯಿತು. ಹುಡುಗ ಒಳ್ಳೆಯವನೇ, ಅವನ ತಪ್ಪೇನೂ ಇಲ್ಲ.

ಪರೀಕ್ಷೆಯಾದ ಮೂರನೆಯ ದಿನ ಉಚ್ಚಂಗಮ್ಮ ಲ್ಯಾಬ್ ವಹಿಸಿಕೊಡಲು ಬಂದಳು. ಸ್ಟಾಕ್ ಪುಸ್ತಕ ಹಿಡಿದು ನಾನು ಕೂತೆ, ಆಕೆ ಒಂದೊಂದೇ ಸಾಮಾನನ್ನು ಎತ್ತಿ ಮೇಜಿನ ಮೇಲಿಟ್ಟು ಹೆಸರು ಹೇಳತೊಡಗಿದಳು.

“ಚಂಚುಪಾತ್ರೆ, ಇಪ್ಪತ್ತೆರಡು. ಶಂಕುಕೂಪಿ, ಹದಿನೆಂಟು. ಚೂಷಕ ನಳಿಕೆ, ಹನ್ನೆರಡು. ಬಿಂದುಮಾಪಕ ನಳಿಕೆ, ಒಂಬತ್ತು.”

ನನ್ನ ಪೆನ್ನು ನಿಂತಿತು. ಒಂದೂ ತಪ್ಪಿಲ್ಲ, ಎಲ್ಲೂ ತಡವರಿಸಲಿಲ್ಲ. ಗಾಜು ಮುಗಿಸಿ ಸೀಸೆಗಳ ಗೂಡಿಗೂ ಹೋಗಿ, ಸತು, ಗಂಧಕ, ಮೆಗ್ನೀಸಿಯಂ ಎಂದು ಪುಸ್ತಿಕೆಯಲ್ಲಿ ಇದ್ದ ಹಾಗೆಯೇ ಹೇಳಿದಳು.

“ಯಾವಾಗ ಕಲಿತ್ರಿ ಇದನ್ನೆಲ್ಲ?” ಎಂದು ಕೇಳಿದೆ. ನನ್ನ ದನಿ ನನಗೇ ಅಸಹ್ಯವಾಗಿತ್ತು.

“ಆ ಹೊಸ ಹುಡುಗನ ಹತ್ರ ಪುಸ್ತಿಕೆ ಇಸ್ಕೊಂಡೆ ಮೇಷ್ಟ್ರೇ, ಒಂಬತ್ತನೇ ಕ್ಲಾಸಿನ ಅಂಜಲಿ ಅರ್ಥ ಹೇಳಿದ್ಲು. ಆ ಚಂಚು ಅಂದ್ರೆ ಕೊಕ್ಕೇ ಅಂತೆ! ಅದೊಂದು ಗೊತ್ತಾದ ಮ್ಯಾಲೆ ಉಳಿದಿದ್ದೇನೂ ಕಷ್ಟ ಆಗ್ಲಿಲ್ಲ.” ಕೈ ಒರೆಸಿಕೊಂಡು ಬೀಗದ ಕೈಯನ್ನು ನನ್ನ ಮುಂದಿಟ್ಟಳು. ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

“ಕಲಿಯಾಕೆ ಎಲ್ಡು ದಿನ ಸಾಕಾತು ನೋಡ್ರಿ” ಎಂದಳು.