ಹದಿನಾಲ್ಕಕ್ಕೆ ಹದಿನಾಲ್ಕು

ಫಿಟ್ಸ್ ಬರುವವಳು ಅಂತ ಗೊತ್ತಾದರೆ ಹೊಸನಗರದಲ್ಲಿ ನನ್ನ ಹತ್ತಿರ ಯಾರು ರವಿಕೆ ಹೊಲಿಸುತ್ತಾರೆ? ಆ ಹೆದರಿಕೆಯಲ್ಲಿ ಮಾತ್ರೆಯನ್ನು ಪರ್ಸಿನ ತಳದಲ್ಲಿ ಕದ್ದ ಮಾಲಿನ ಹಾಗೆ ಬಚ್ಚಿಟ್ಟುಕೊಂಡೇ ನಾನು ದಿನಾ ಟೈಲರಿಂಗ್ ಅಂಗಡಿಯ ಬಾಗಿಲು ತೆಗೆಯುತ್ತಿದ್ದೆ. ಬೆಳಿಗ್ಗೆ ಏಳಕ್ಕೊಂದು, ಸಂಜೆ ಏಳಕ್ಕೊಂದು. ತಪ್ಪಿಸಿದರೆ ಮತ್ತೆ ಬರಬಹುದು ಎಂದು ಸಾಗರದ ಡಾಕ್ಟರು ಹೇಳಿದ್ದರು.

ನನ್ನ ಗಂಡ ಸೊಸೈಟಿಯಲ್ಲಿ ಗುಮಾಸ್ತರು. ಲೆಕ್ಕ ಬರೆಯದಿದ್ದರೆ ಅವರಿಗೆ ಊಟ ಸೇರುವುದಿಲ್ಲ. ನನ್ನ ಫೋನಿಗೆ ಎರಡು ಅಲಾರಂ ಇಟ್ಟರು. ಮಾತ್ರೆ ನುಂಗಿದ ಕೂಡಲೇ ನಾನು ‘ಆಯ್ತು’ ಅಂತ ಮೆಸೇಜ್ ಹಾಕಬೇಕು. ಭಾನುವಾರ ಕ್ಯಾಲೆಂಡರಿನ ಹಿಂಬದಿಯಲ್ಲಿ ವಾರದ ಲೆಕ್ಕ: ಹದಿನಾಲ್ಕರಲ್ಲಿ ಎಷ್ಟು ಆಯ್ತು, ಅಲಾರಂ ಹೊಡೆದು ಎಷ್ಟು ನಿಮಿಷಕ್ಕೆ ಆಯ್ತು. ಮೊದಲ ವಾರ ಒಂಬತ್ತೇ. ತಪ್ಪಿದ್ದೆಲ್ಲ ಸಂಜೆಯದ್ದು.

"ಅದೆಂತ ಮರೀತೀಯೆ ಮಾರಾಯ್ತಿ!" ಅಂದು ಅಲಾರಮಿನ ಸದ್ದು ಜೋರು ಮಾಡಿಕೊಟ್ಟರು.

ಮರೆತಿದ್ದರೆ ತಾನೆ! ಸಂಜೆ ಏಳಕ್ಕೆ ಅಂಗಡಿ ತುಂಬ ಹೆಂಗಸರು. ಫೋನು ಕಿರುಚಿಕೊಂಡಿತು. "ಯಾರದ್ದಕ್ಕಾ, ತೆಗೀರಿ, ನಂಗೇನು ಅರ್ಜೆಂಟಿಲ್ಲ" ಅಂದಳು ಅಳತೆ ಕೊಡುತ್ತಿದ್ದವಳು. ನಾಚಿಕೆಯಿಂದ ಬೆವೆತುಹೋದೆ. ಅಲಾರಂ ಬಾಯಿ ಮುಚ್ಚಿಸಿ, ಅದೇ ಕೈಯಲ್ಲಿ ‘ಆಯ್ತು’ ಎಂದು ಕಳಿಸಿಬಿಟ್ಟೆ. ಮನೆಗೆ ಹೋಗಿ ನುಂಗಿದರಾಯಿತು ಅಂದುಕೊಂಡೆ. ಕೆಲವು ದಿನ ನುಂಗಿದೆ, ಕೆಲವು ದಿನ ಇಲ್ಲ. ಅದೇ ರೂಢಿಯಾಯಿತು. ಕ್ಯಾಲೆಂಡರಿನಲ್ಲಿ ಹದಿನಾಲ್ಕಕ್ಕೆ ಹದಿನಾಲ್ಕು ಬಿತ್ತು. ಇವರ ಹಿಗ್ಗು ನೋಡಿ ನನಗೆ ಅನ್ನ ಇಳಿಯಲಿಲ್ಲ.

ಮುಂದಿನ ವಾರವೇ ಅಡುಗೆಮನೆಯಲ್ಲಿ ಫಿಟ್ಸ್ ಬಂದು ಬಿದ್ದೆ.

ಸಾಗರದಲ್ಲಿ ಇವರು ಕ್ಯಾಲೆಂಡರಿನ ಆ ಹಾಳೆಯನ್ನು ಡಾಕ್ಟರ ಮುಂದೆ ಹರಡಿ, "ಮೊದಲ ವಾರ ಬಿಟ್ರೆ ಒಂದೂ ತಪ್ಪಿಸಿಲ್ಲ ಸಾರ್" ಎಂದರು.

"ಹಾಗಾದ್ರೆ ಡೋಸ್ ಸಾಲ್ತಾ ಇಲ್ಲ, ಜಾಸ್ತಿ ಮಾಡ್ಬೇಕಾಗುತ್ತೆ" ಎಂದು ಡಾಕ್ಟರು ಪೆನ್ನು ಎತ್ತಿಕೊಂಡರು. ಬರೆಯುವ ಮೊದಲು ಇನ್ನೊಮ್ಮೆ ಹಾಳೆ ನೋಡಿದರು. "ಬೆಳಿಗ್ಗೆ ಒಂದಿನ ನಾಲ್ಕು ನಿಮಿಷ, ಒಂದಿನ ಹದಿನೈದು. ಸಂಜೆ ಮಾತ್ರ ದಿನಾ ಅಲಾರಂ ಹೊಡೆದ ನಿಮಿಷಕ್ಕೇ. ಹೆಂಗೆ?"

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. "ಸಂಜೆ ಬರೀ ಮೆಸೇಜ್ ಹಾಕ್ತಿದ್ದೆ ಸಾರ್. ಎಷ್ಟೋ ದಿನ ಮಾತ್ರೆ ತಗೊಳ್ತಿರಲಿಲ್ಲ. ಜನ ನೋಡ್ತಾರೆ ಅಂತ."

ಡಾಕ್ಟರು ಪೆನ್ನು ಕೆಳಗಿಟ್ಟರು. ಇವರು ಈಗ ಕೂಗಾಡುತ್ತಾರೆ ಅಂದುಕೊಂಡೆ, ಕೂಗಾಡಿದ್ದರೇ ಚೆನ್ನಾಗಿತ್ತು. "ಅಲಾರಂ ಇಟ್ಟ ಹೊತ್ತೇ ಸರಿ ಇಲ್ಲ ಸಾರ್. ನಂದೇ ತಪ್ಪು, ನಂಗೆ ಹೊಳೀಲಿಲ್ಲ" ಎಂದರು.

ಡಾಕ್ಟರನ್ನು ಕೇಳಿಯೇ ಎರಡೂ ಅಲಾರಮನ್ನು ನಾನು ಮನೆಯಲ್ಲೇ ಇರುವ ಹೊತ್ತಿಗೆ, ಬೆಳಿಗ್ಗೆ ಎಂಟೂವರೆಗೆ ಮತ್ತು ರಾತ್ರಿ ಎಂಟೂವರೆಗೆ ಬದಲಿಸಿದೆವು. ಡೋಸ್ ಹಳೆಯದೇ. ಆ ವಾರ ಒಂದು ರಾತ್ರಿ ಅಲಾರಂ ಆರಿಸಿ ಹಾಗೇ ನಿದ್ದೆ ಹತ್ತಿ ಮಾತ್ರೆ ನಿಜವಾಗಿಯೂ ಬಿಟ್ಟುಹೋಯಿತು. ಬೆಳಿಗ್ಗೆ ಪಕ್ಕದ ಕೋಣೆಯಲ್ಲೇ ಇದ್ದ ಗಂಡನಿಗೆ ‘ನಿನ್ನೆ ಇಲ್ಲ’ ಎಂದು ಮೆಸೇಜ್ ಮಾಡಿದೆ. ಬಾಯಿಬಿಟ್ಟು ಹೇಳಲು ನನಗೆ ಮುಖವಿರಲಿಲ್ಲ.