ಮೂರನೇ ನಂಬರಿನ ಉತ್ತರ

ಚಾಮರಾಜಪೇಟೆಯ ನಮ್ಮ ಟ್ರಾವೆಲ್ ಏಜೆನ್ಸಿಯಲ್ಲಿ ಇರುವವರೇ ಇಬ್ಬರು, ಮಾಲೀಕರು ಮತ್ತು ನಾನು. ವಿಮಾನ ರದ್ದಾಗಿ ರೀಫಂಡ್ ತಡವಾದರೆ ಗ್ರಾಹಕರ ಬೈಗುಳ ತಿನ್ನುವ ಕೆಲಸ ನನ್ನದು. ನನಗೋ ಮೂಗಿನ ತುದಿಯಲ್ಲೇ ಕೋಪ. ಅದಕ್ಕೇ ಮಾಲೀಕರು ಒಂದು ದಿನ ಕೈ ಮುಗಿದು, "ನೀನು ಬಾಯಿ ಬಿಡ್ಬೇಡಮ್ಮಾ, ಬರ್ದಿಟ್ಕೊಂಡು ಕಳ್ಸಿಬಿಡು" ಎಂದರು.

ಸರಿ, ವಾಟ್ಸ್ಆ್ಯಪ್‌ನಲ್ಲಿ ಐದು ಸಿದ್ಧ ಉತ್ತರ ಬರೆದಿಟ್ಟೆ. ಒಂದನೆಯದು, ಅರ್ಜಿ ಹಾಕಿದ್ದೇವೆ. ಎರಡನೆಯದು, ನೆನಪಿಸಿದ್ದೇವೆ. ಮೂರನೆಯದು, 'ನಿಮ್ಮ ರೀಫಂಡ್ ಏರ್‌ಲೈನ್‌ನ ಪರಿಶೀಲನೆಯಲ್ಲಿದೆ, ದಯವಿಟ್ಟು ಸಹಕರಿಸಿ.' ನಾಲ್ಕನೆಯದು ಕ್ಷಮೆ. ಐದನೆಯದು ಶುಭ ಸಮಾಚಾರ, 'ಏರ್‌ಲೈನ್ ಇಂದು ನಿಮ್ಮ ಹಣ ಬಿಡುಗಡೆ ಮಾಡಿದೆ.' ಒಂದು ಓರೆಗೀಟು, ಒಂದು ಅಂಕಿ ಒತ್ತಿದರೆ ಮುಗಿಯಿತು, ಇಡೀ ಉತ್ತರ ತಾನೇ ಮೂಡುತ್ತದೆ. ನನ್ನ ರಕ್ತದೊತ್ತಡ ಇಳಿಯಿತು, ಕಾಫಿಗೆ ಪುರುಸೊತ್ತು ಸಿಕ್ಕಿತು. ನನ್ನ ಬುದ್ಧಿಗೆ ನಾನೇ ಭೇಷ್ ಅಂದುಕೊಂಡೆ.

ಆ ಸಂತೋಷಕ್ಕೆ ಕಲ್ಲು ಹಾಕಿದವರು ಒಬ್ಬ ನಿವೃತ್ತ ಶಾಲಾ ಟೀಚರು. ಪಕ್ಕದ ಬೀದಿಯ ಭಜನಾ ಮಂಡಳಿಯಿಂದ ತಾವೂ ಸೇರಿ ಐವರು ಹೆಂಗಸರನ್ನು ಕಾಶಿಗೆ ಹೊರಡಿಸಿದ್ದರು. ಎಲ್ಲರಿಂದ ದುಡ್ಡು ಸೇರಿಸಿ ನಮಗೆ ಕೊಟ್ಟವರೂ ಅವರೇ. ಏರ್‌ಲೈನ್ ವಿಮಾನವನ್ನೇ ರದ್ದು ಮಾಡಿತು. ನಾನು ರೀಫಂಡ್ ಅರ್ಜಿ ಹಾಕಿದೆ. ಆಮೇಲೆ ಅವರು ಕೇಳಿದಾಗಲೆಲ್ಲ ಮೂರನೇ ನಂಬರು ಕಳಿಸುತ್ತಾ ಹೋದೆ.

ಒಂದು ಬೆಳಿಗ್ಗೆ ಟೀಚರು ಮೆಟ್ಟಿಲು ಹತ್ತಿ ಬಂದೇಬಿಟ್ಟರು. ನನ್ನೆದುರು ಕೂತು, ಫೋನು ದೂರ ಹಿಡಿದು, ನನ್ನ ಸಂದೇಶವನ್ನು ಪಾಠದ ಹಾಗೆ ಗಟ್ಟಿಯಾಗಿ ಓದಿದರು. "ಇದೇ ಆರು ಸಲ ಬಂದಿದೆ. ನಮ್ ಸ್ಕೂಲಲ್ಲಾಗಿದ್ರೆ ಕಾಪಿ ಹೊಡ್ದಿದಾರೆ ಅಂತ ಸೊನ್ನೆ ಹಾಕ್ತಿದ್ದೆ."

ಮಾಲೀಕರು ಕಿಸಕ್ಕನೆ ನಕ್ಕರು. ನನಗೆ ಮೈ ಉರಿಯಿತು. "ಏರ್‌ಲೈನ್ ಕೊಡದಿದ್ರೆ ನಾನೇನ್ ಮಾಡ್ಲಿ ಮೇಡಂ?"

ಅವರು ಸಿಟ್ಟಾಗಲಿಲ್ಲ. ದನಿ ತಗ್ಗಿಸಿದರು. "ನನ್ನ ನಂಬಿ ದುಡ್ಡು ಕೊಟ್ಟಿದಾರಮ್ಮಾ. ದಿನಾ ಕೇಳ್ತಾರೆ. ಒಬ್ರಂತೂ, ದುಡ್ಡು ಬಂದಿದೆ, ಟೀಚರ್ ಹತ್ರಾನೇ ಇದೆ ಅಂತ ಹೇಳ್ಕೊಂಡು ಓಡಾಡ್ತಿದಾರೆ. ಅದಿರ್ಲಿ, ವಿಮಾನದವ್ರು ಕಳಿಸಿದ್ರೆ ಎಲ್ಲಿಗೆ ಬರತ್ತೆ?"

"ನಮ್ ವಾಲೆಟ್‌ಗೆ. ಟಿಕೆಟ್ ಮಾಡೋಕೆ ಅವ್ರ ಹತ್ರ ನಾವಿಟ್ಟಿರೋ ಖಾತೆ. ಅಲ್ಲಿಂದ ತೆಗ್ದು ನಾವ್ ನಿಮಗೆ ಕೊಡ್ತೀವಿ."

"ಅಲ್ಲಿ ನೋಡಿದೀಯಾ?"

ನೋಡಿರಲಿಲ್ಲ. ಬಂದಿದ್ದರೆ ಮೇಲ್ ಬರುತ್ತಿತ್ತಲ್ಲ ಎಂದುಕೊಂಡಿದ್ದೆ. ಅವರು ಹೋದ ಮೇಲೆ ಏರ್‌ಲೈನಿನ ಏಜೆಂಟ್ ಪೋರ್ಟಲ್ ತೆರೆದೆ. ವಾಲೆಟ್ಟಿನ ಪಟ್ಟಿಯಲ್ಲಿ ಹೆಸರುಗಳಿರುವುದಿಲ್ಲ, ಬುಕಿಂಗ್ ನಂಬರು ಮಾತ್ರ. ಒಂದೊಂದೇ ಸಾಲು ಬೆರಳಿಟ್ಟು ನೋಡಿದೆ. ಅಯ್ಯೋ ದೇವರೇ! ಐದು ಟಿಕೆಟ್ಟಿನ ಹಣ ಬಂದು ಹತ್ತೊಂಬತ್ತು ದಿನವಾಗಿತ್ತು. ಅದರಲ್ಲೇ ನಾವು ಬೇರೆ ಯಾರಿಗೋ ಗೋವಾ ಟಿಕೆಟ್ ಮಾಡಿಕೊಟ್ಟಿದ್ದೆವು.

ಮಾಲೀಕರ ಮುಖ ಸಪ್ಪಗಾಯಿತು. ಕೂಡಲೇ ನಮ್ಮ ಬ್ಯಾಂಕ್ ಖಾತೆಯಿಂದ ಅಷ್ಟೂ ಹಣ ಟೀಚರಿಗೆ ಹಾಕಿದರು. ಆಮೇಲೆ ಮೆಲ್ಲಗೆ, "ಐದನೇ ನಂಬರ್ ಕಳ್ಸಿಬಿಡು. ಯಾರಿಗ್ ಗೊತ್ತಾಗತ್ತೆ?" ಎಂದರು.

ಬೆರಳು ಓರೆಗೀಟಿನ ಮೇಲೆ ಹೋಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ 'ಇಂದು' ಬಂದಿದೆ ಎಂದರೆ ನಾನು ಬಚಾವ್. ಆಡಿಕೊಂಡವರ ಬಾಯಿ ಮಾತ್ರ ಮುಚ್ಚುವುದಿಲ್ಲ, ಟೀಚರ್ ಹೆದರಿ ಈಗ ವಾಪಸ್ ಕೊಟ್ಟರು ಎನ್ನುತ್ತಾರೆ. ಚಪ್ಪಲಿ ಮೆಟ್ಟಿ ಹೊರಟೆ.

ರಾಮಮಂದಿರದ ಹಜಾರದಲ್ಲಿ ಭಜನೆಗೆ ಸೇರುತ್ತಿದ್ದರು. ಟೀಚರು ಗೋಡೆಗೊರಗಿ ಒಬ್ಬರೇ ಕೂತಿದ್ದರು. ಉಳಿದ ನಾಲ್ವರು ಜಮಖಾನದ ಆಚೆ ತುದಿಯಲ್ಲಿ. ನಾನು ನಡುವೆ ನಿಂತು ಒಂದೇ ಉಸಿರಿಗೆ ಹೇಳಿದೆ. "ನಿಮ್ ದುಡ್ಡು ಬಂದು ಹತ್ತೊಂಬತ್ತು ದಿನ ಆಯ್ತು. ಇವ್ರ ಹತ್ರ ಅಲ್ಲ, ನಮ್ ಆಫೀಸಲ್ಲಿತ್ತು. ನಾನು ನೋಡ್ದೇನೇ ಬರೀ ಸುಳ್ಳು ಕಳಿಸ್ತಿದ್ದೆ. ಇವತ್ತು ಇವ್ರ ಖಾತೆಗೆ ಹಾಕಿದೀವಿ. ತಪ್ಪು ನಂದು."

ಸಹಸ್ರನಾಮ ಕಾದಿದೆ ಎಂದು ತಲೆ ತಗ್ಗಿಸಿದೆ. ಕೇಳಿಸಿದ್ದು ನಗು. ಟೀಚರು ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. "ಹತ್ತೊಂಬತ್ ದಿನ! ಕತ್ತೆ, ಕಿವಿ ಹಿಂಡ್ಬೇಕು ನಿನ್ನ!" ಎಂದು ಎದ್ದು ಬಂದು ನಿಜಕ್ಕೂ ಹಿಂಡಿದರು. ನೋವಾಯಿತು. ಎಂಥ ಹಿತವಾದ ನೋವು ಅಂತೀರಿ! ನನಗೂ ನಗು ತಡೆಯಲಾಗಲಿಲ್ಲ.

ನಾಲ್ವರಲ್ಲಿ ತಾಳ ಹಿಡಿದಿದ್ದ ಹೆಂಗಸು ಮಾತ್ರ ನಗಲಿಲ್ಲ. ಆಡಿಕೊಂಡವರು ಇವರೇ ಎಂದು ಯಾರೂ ಹೇಳಬೇಕಾಗಿರಲಿಲ್ಲ. ತಾಳ ಕೆಳಗಿಟ್ಟು, ಸರಿದು ತಮ್ಮ ಪಕ್ಕ ಜಾಗ ಮಾಡಿದರು.

"ಬನ್ನಿ ಟೀಚರ್," ಎಂದರು, "ನೀವು ಹಾಡ್ ಎತ್ಕೊಡ್ದೆ ಮೂರು ವಾರ ಆಯ್ತು. ನಾವು ನಾಲ್ಕೂ ಜನ ಒಂದ್ ದಿನಾನೂ ಶ್ರುತೀಲಿ ಹಾಡಿಲ್ಲ."